ಒಂದೇ ಗುಂಪೋ, ಎರಡು ಗುಂಪೋ? ನೆನಪಿನ ಒಂದು ಪುಟ್ಟ ಪ್ರಯೋಗ ಮತ್ತು ಪದೇ ಪದೇ ಕೇಳುವ ಪ್ರಶ್ನೆಗಳು

ಮನೋವಿಜ್ಞಾನದ ಪ್ರಾಯೋಗಿಕ ತರಗತಿಯಲ್ಲಿ ನೆನಪಿನ ಪ್ರಯೋಗ ಮಾಡಿಸುವಾಗಲೆಲ್ಲ ವಿದ್ಯಾರ್ಥಿಗಳು ಒಂದೇ ಜಾಗದಲ್ಲಿ ಎಡವುವುದನ್ನು ಕಂಡಿದ್ದೇನೆ. ಕಲಿಯುವ ಎರಡು ವಿಧಾನಗಳನ್ನು ಒಬ್ಬರಿಂದಲೇ ಮಾಡಿಸಿ, ಯಾವುದು ಮೊದಲು ಎಂಬ ಸರದಿಯನ್ನು ಅದಲುಬದಲು ಮಾಡಿಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ಅವರು ನಂಬುತ್ತಾರೆ. ಕೆಲವು ಸಲ ಸರಿಹೋಗುತ್ತದೆ, ಕೆಲವು ಸಲ ಖಂಡಿತ ಇಲ್ಲ. ಯಾವಾಗ, ಏಕೆ ಎಂಬುದನ್ನು ಒಂದೇ ಪ್ರಯೋಗವನ್ನು ಹಿಡಿದುಕೊಂಡು ಇಲ್ಲಿ ಬಿಡಿಸಿ ಹೇಳಿದ್ದೇನೆ. ಪ್ರಯೋಗದ ಅಂಕಿಗಳು ಲೆಕ್ಕ ಸುಲಭವಾಗಲೆಂದು ನಾನೇ ಹಾಕಿಕೊಂಡವು, ಯಾವುದೋ ಅಧ್ಯಯನದಿಂದ ತಂದವಲ್ಲ.

ಯಾವ ಪ್ರಯೋಗ ಇದು?

ಪರದೆಯ ಮೇಲೆ 20 ಪದಗಳನ್ನು ಒಂದೊಂದಾಗಿ ತೋರಿಸುತ್ತೇವೆ: ಏಣಿ, ನವಿಲು, ಬೀಗ, ಕೊಡೆ, ಬಿಂದಿಗೆ, ಹೀಗೆ. ಪ್ರತಿ ಪದಕ್ಕೆ 4 ಸೆಕೆಂಡ್. ಪಟ್ಟಿ ಮುಗಿದ ಕೂಡಲೇ ವಿದ್ಯಾರ್ಥಿ 300ರಿಂದ ಮೂರು ಮೂರು ಕಳೆಯುತ್ತಾ ಅರ್ಧ ನಿಮಿಷ ಹಿಂದಕ್ಕೆ ಎಣಿಸಬೇಕು. ಆಮೇಲೆ ಎರಡು ನಿಮಿಷದಲ್ಲಿ ನೆನಪಿಗೆ ಬಂದ ಪದಗಳನ್ನು ಯಾವ ಕ್ರಮದಲ್ಲಾದರೂ ಬರೆಯಬೇಕು. ನಡುವೆ ಎಣಿಸುವ ಕೆಲಸ ಕೊಡುವುದಕ್ಕೆ ಕಾರಣವಿದೆ. ಅದಿಲ್ಲದಿದ್ದರೆ ಪಟ್ಟಿಯ ಕೊನೆಯ ಮೂರು ನಾಲ್ಕು ಪದಗಳು ಇನ್ನೂ ನಾಲಿಗೆಯ ತುದಿಯಲ್ಲೇ ಇರುತ್ತವೆ. ಹೇಗೆ ಕಲಿತರೂ ಅವು ಸಿಕ್ಕಿಬಿಡುತ್ತವೆ.

ಹೋಲಿಸಬೇಕಾದದ್ದು ಎರಡು ವಿಧಾನಗಳನ್ನು. ಮೊದಲನೆಯದು ಉರು: ಪದವನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ಹೇಳಿಕೊಳ್ಳುವುದು. ಎರಡನೆಯದು ಚಿತ್ರ: ಪ್ರತಿ ಪದವನ್ನು ಹಿಂದಿನ ಪದದೊಂದಿಗೆ ಸೇರಿಸಿ ಮನಸ್ಸಿನಲ್ಲಿ ಒಂದು ದೃಶ್ಯ ಕಟ್ಟುವುದು. ನವಿಲು ಏಣಿ ಹತ್ತುತ್ತಿದೆ, ಅದರ ಕೊಕ್ಕಿನಲ್ಲಿ ಬೀಗ ನೇತಾಡುತ್ತಿದೆ, ಹೀಗೆ. ನಮ್ಮ ಬಳಿ 24 ವಿದ್ಯಾರ್ಥಿಗಳಿದ್ದಾರೆ ಎಂದುಕೊಳ್ಳೋಣ.

ವಿದಿನ್-ಸಬ್ಜೆಕ್ಟ್ಸ್, ಬಿಟ್ವೀನ್-ಸಬ್ಜೆಕ್ಟ್ಸ್ ಎಂದರೆ ಏನು?

12 ಜನರಿಗೆ ಉರು, ಬೇರೆ 12 ಜನರಿಗೆ ಚಿತ್ರ ಕೊಟ್ಟರೆ ಅದು ಬಿಟ್ವೀನ್-ಸಬ್ಜೆಕ್ಟ್ಸ್ ವಿನ್ಯಾಸ. ಇಲ್ಲಿ ಹೋಲಿಕೆ ನಡೆಯುವುದು ಜನರ ನಡುವೆ. 24 ಜನರೂ ಒಂದು ಪಟ್ಟಿಯನ್ನು ಉರು ಹೊಡೆದು, ಇನ್ನೊಂದು ಪಟ್ಟಿಯನ್ನು ಚಿತ್ರ ಕಟ್ಟಿ ಕಲಿತರೆ ಅದು ವಿದಿನ್-ಸಬ್ಜೆಕ್ಟ್ಸ್. ಇಲ್ಲಿ ಹೋಲಿಕೆ ನಡೆಯುವುದು ಒಬ್ಬೊಬ್ಬರ ಒಳಗೆ. ಮುಂದೆ ಇವುಗಳನ್ನು ‘ಬೇರೆ ಗುಂಪು’, ‘ಒಂದೇ ಗುಂಪು’ ಎಂದು ಕರೆಯುತ್ತೇನೆ.

ಒಂದೇ ಗುಂಪಿನ ವಿನ್ಯಾಸವನ್ನು ಎಲ್ಲರೂ ಇಷ್ಟಪಡುವುದೇಕೆ?

ನೆನಪಿನ ಶಕ್ತಿಯಲ್ಲಿ ಜನರ ನಡುವೆ ಭಾರಿ ಅಂತರವಿದೆ. ಯಾವ ವಿಧಾನ ಕೊಟ್ಟರೂ 14 ಪದ ಬರೆಯುವವರಿದ್ದಾರೆ, 6ಕ್ಕೇ ನಿಲ್ಲುವವರೂ ಇದ್ದಾರೆ. ಬೇರೆ ಗುಂಪುಗಳನ್ನು ಹೋಲಿಸುವಾಗ ಈ ಅಂತರವೆಲ್ಲ ಗದ್ದಲವಾಗಿ ಲೆಕ್ಕದೊಳಗೆ ಬರುತ್ತದೆ. ಒಬ್ಬರನ್ನು ಅವರೊಂದಿಗೇ ಹೋಲಿಸಿದಾಗ ಅದರ ಬಹುಪಾಲು ಕಳೆದುಹೋಗುತ್ತದೆ.

ಎಷ್ಟು ಲಾಭ ಎಂಬುದನ್ನು ಅಳೆಯಬಹುದು. ಅಂಕಗಳ ಪ್ರಮಾಣ ವಿಚಲನೆ 3 ಪದ ಎಂದೂ, ಒಬ್ಬರ ಎರಡು ಅಂಕಗಳ ನಡುವಿನ ಸಹಸಂಬಂಧ 0.6 ಎಂದೂ ಇಟ್ಟುಕೊಳ್ಳಿ. ವ್ಯತ್ಯಾಸದ ಪ್ರಮಾಣ ವಿಚಲನೆಗೆ ಸೂತ್ರ ಇದು:

```
SD_diff = SD × √(2 × (1 − r)) = 3 × √0.8 ≈ 2.7
```

ಎರಡು ಪದಗಳ ನಿಜವಾದ ವ್ಯತ್ಯಾಸವನ್ನು 80 ಪ್ರತಿಶತ ಸಂಭವದೊಂದಿಗೆ ಹಿಡಿಯಬೇಕಾದರೆ, ವಾಡಿಕೆಯ 5 ಪ್ರತಿಶತ ಮಟ್ಟದಲ್ಲಿ, ಒಂದೇ ಗುಂಪಿಗೆ ಸುಮಾರು 17 ಜನ ಸಾಕು. ಬೇರೆ ಗುಂಪಾದರೆ ಒಟ್ಟು ಸುಮಾರು 74 ಜನ ಬೇಕು. ತರಗತಿಯಲ್ಲಿ 40 ಜನರಿರುವ ಕಡೆ ಈ ಒಂದು ಲೆಕ್ಕವೇ ತೀರ್ಮಾನ ಮಾಡಿಬಿಡುತ್ತದೆ. ಆ ಅವಸರದಲ್ಲೇ ತಪ್ಪು ನುಸುಳುತ್ತದೆ.

ಹಾಗಾದರೆ ಅದರಲ್ಲಿ ತೊಂದರೆ ಏನು?

ಎರಡನೆಯ ಪಟ್ಟಿಗೆ ಬರುವ ವಿದ್ಯಾರ್ಥಿ ಮೊದಲನೆಯ ಪಟ್ಟಿಗೆ ಬಂದ ವಿದ್ಯಾರ್ಥಿಯೇ ಆಗಿ ಉಳಿದಿರುವುದಿಲ್ಲ. ಮೊದಲ ಸರದಿಯ ಏನೋ ಒಂದು ಅವನೊಂದಿಗೆ ಎರಡನೆಯ ಸರದಿಗೂ ದಾಟಿ ಬರುತ್ತದೆ. ಇದನ್ನೇ ಕ್ಯಾರಿಓವರ್ ಎನ್ನುತ್ತಾರೆ. ನಾನು ಉಳಿಕೆ ಪರಿಣಾಮ ಎನ್ನುತ್ತೇನೆ.

ನಮ್ಮ ಪ್ರಯೋಗದಲ್ಲಿ ದಾಟಿ ಬರುವ ಸಂಗತಿಗಳು ಮೂರು ಬಗೆಯವು. ದಣಿವು ಮತ್ತು ರೂಢಿ ಮೊದಲನೆಯ ಬಗೆ, ಅದನ್ನು ಯಾರಾದರೂ ಊಹಿಸಬಹುದು. ಎರಡನೆಯದು ಹಳೆಯ ಪದಗಳು ಹೊಸ ಪದಗಳಿಗೆ ಅಡ್ಡ ಬರುವುದು. ಇದರ ಬಲ ಎಷ್ಟೆಂದು 1957ರಲ್ಲಿ ಅಮೆರಿಕದ ಬೆಂಟನ್ ಅಂಡರ್‌ವುಡ್ ತೋರಿಸಿದರು. ಹಿಂದೆ ಪಟ್ಟಿಗಳನ್ನೇ ಕಲಿಯದವರು 24 ಗಂಟೆಗಳ ಬಳಿಕ ಸುಮಾರು 25 ಪ್ರತಿಶತ ಮಾತ್ರ ಮರೆತಿರುತ್ತಾರೆ, ಪ್ರಯೋಗಾಲಯದಲ್ಲಿ ಹದಿನೈದಿಪ್ಪತ್ತು ಪಟ್ಟಿ ಕಲಿತವರು ಸುಮಾರು 75 ಪ್ರತಿಶತ ಮರೆಯುತ್ತಾರೆ ಎಂದು ಅವರು ಹಳೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡುಕೊಂಡರು. ಮನುಷ್ಯ ಇಷ್ಟು ಬೇಗ ಮರೆಯುತ್ತಾನೆ ಎಂದು ದಶಕಗಳ ಕಾಲ ನಂಬಿದ್ದರಲ್ಲಿ ದೊಡ್ಡ ಪಾಲು, ಒಬ್ಬರಿಂದಲೇ ಪಟ್ಟಿಯ ಮೇಲೆ ಪಟ್ಟಿ ಕಲಿಸಿದ ವಿನ್ಯಾಸದ ಫಲವಾಗಿತ್ತು. ವಿನ್ಯಾಸದ ಮಾತು ಪಠ್ಯದ ಒಣ ಅಧ್ಯಾಯವಲ್ಲ ಎಂದು ಹೇಳಲು ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ಮೂರನೆಯದು ಕಲಿತ ಉಪಾಯ. ಚಿತ್ರ ಕಟ್ಟುವುದನ್ನು ಒಮ್ಮೆ ಕಲಿತವರಿಗೆ ‘ಈಗ ಬರೀ ಉರು ಹೊಡೆಯಿರಿ’ ಎಂದರೆ, ಬೇಡವೆಂದರೂ ಕೊಡೆಯ ಪಕ್ಕದಲ್ಲಿ ಬಿಂದಿಗೆ ಬಂದು ನಿಲ್ಲುತ್ತದೆ. ಈ ಮೂರನೆಯದೇ ನಮ್ಮನ್ನು ಹೆಚ್ಚು ಕಾಡುವುದು.

ಅರ್ಧ ಜನರಿಗೆ ಉರು ಮೊದಲು, ಇನ್ನರ್ಧಕ್ಕೆ ಚಿತ್ರ ಮೊದಲು ಕೊಟ್ಟರೆ ಸಾಲದೇ?

ಅದೇ ಕೌಂಟರ್‌ಬ್ಯಾಲೆನ್ಸಿಂಗ್, ಅಂದರೆ ಸರದಿಯನ್ನು ಸಮತೂಗಿಸುವುದು. ಅದು ಉಳಿಕೆಯನ್ನು ಅಳಿಸುವುದಿಲ್ಲ, ಎರಡು ವಿಧಾನಗಳಿಗೂ ಸಮನಾಗಿ ಹಂಚುತ್ತದೆ. ಹಂಚಿದ್ದು ನಿಜಕ್ಕೂ ಸಮನಾಗಿದ್ದರೆ ವ್ಯತ್ಯಾಸ ತೆಗೆಯುವಾಗ ಅದು ಕಳೆದುಹೋಗುತ್ತದೆ.

ಮೊದಲ ಸರದಿಯಲ್ಲಿ ಉರುವಿಗೆ ಸರಾಸರಿ 8, ಚಿತ್ರಕ್ಕೆ ಸರಾಸರಿ 13 ಎಂದಿಟ್ಟುಕೊಳ್ಳಿ. ನಿಜವಾದ ವ್ಯತ್ಯಾಸ 5 ಪದ. ಹಳೆಯ ಪದಗಳ ಅಡ್ಡಿಯಿಂದ ಎರಡನೆಯ ಸರದಿಯಲ್ಲಿ ಯಾವ ವಿಧಾನವಾದರೂ 1 ಪದ ಕಡಿಮೆಯಾಗುತ್ತದೆ ಎಂದೂ ಇಟ್ಟುಕೊಳ್ಳಿ. ಉರು ಮೊದಲು ಮಾಡಿದ 12 ಜನ 8, ಆಮೇಲೆ 12 ಬರೆಯುತ್ತಾರೆ. ವ್ಯತ್ಯಾಸ 4. ಚಿತ್ರ ಮೊದಲು ಮಾಡಿದವರು 13, ಆಮೇಲೆ 7 ಬರೆಯುತ್ತಾರೆ. ವ್ಯತ್ಯಾಸ 6. ಎರಡರ ಸರಾಸರಿ 5. ಒಂದೊಂದು ಗುಂಪೂ ಬೇರೆ ಬೇರೆ ದಿಕ್ಕಿಗೆ ತಪ್ಪಿದೆ, ಆದರೂ ಒಟ್ಟು ಉತ್ತರ ಸರಿಯಾಗಿದೆ. ಕೌಂಟರ್‌ಬ್ಯಾಲೆನ್ಸಿಂಗ್ ತನ್ನ ಕೆಲಸ ಮಾಡಿದಾಗ ಕಾಣುವುದು ಹೀಗೆ.

ಹಾಗಾದರೆ ಅದು ಸೋಲುವುದು ಎಲ್ಲಿ?

ಉಳಿಕೆ ಎರಡೂ ದಿಕ್ಕಿಗೆ ಸಮನಾಗಿಲ್ಲದಿದ್ದಾಗ. ನಮ್ಮ ಪ್ರಯೋಗದಲ್ಲಿ ನಿಜವಾಗಿ ನಿರೀಕ್ಷಿಸಬೇಕಾದದ್ದು ಇದನ್ನೇ. ಉರುವಿನಿಂದ ಚಿತ್ರಕ್ಕೆ ಹೋಗುವವರು ಹೆಚ್ಚೇನೂ ಹೊತ್ತೊಯ್ಯುವುದಿಲ್ಲ, ಉರು ಹೊಡೆಯುವುದು ಎಲ್ಲರಿಗೂ ಮೊದಲೇ ಗೊತ್ತಿತ್ತು. ಚಿತ್ರದಿಂದ ಉರುವಿಗೆ ಬರುವವರು ಹೊಸ ಉಪಾಯವೊಂದನ್ನು ಹೊತ್ತು ತರುತ್ತಾರೆ. ಆಗ ಸರಾಸರಿಗಳು ಹೀಗೆ ಬರಬಹುದು:

| ಸರದಿ | ಮೊದಲ ಪಟ್ಟಿ | ಎರಡನೆಯ ಪಟ್ಟಿ |
|---|---|---|
| ಉರು, ಆಮೇಲೆ ಚಿತ್ರ (12 ಜನ) | ಉರು 8 | ಚಿತ್ರ 12 |
| ಚಿತ್ರ, ಆಮೇಲೆ ಉರು (12 ಜನ) | ಚಿತ್ರ 13 | ಉರು 11 |

ಒಟ್ಟುಗೂಡಿಸಿದರೆ ಉರುವಿನ ಸರಾಸರಿ 9.5, ಚಿತ್ರದ್ದು 12.5. ವ್ಯತ್ಯಾಸ 3. ನಿಜ 5 ಆಗಿತ್ತು. ಸರದಿಯನ್ನು ಅಚ್ಚುಕಟ್ಟಾಗಿ ಸಮತೂಗಿಸಿದ್ದೇವೆ, ಗುಂಪುಗಳು ಸಮವಾಗಿವೆ, ಆದರೂ ಐದರಲ್ಲಿ ಎರಡು ಪದ ಮಾಯವಾಗಿವೆ. ಎಡಗೈಯಲ್ಲಿ 1 ಕಳೆದು ಬಲಗೈಯಲ್ಲಿ 3 ಸೇರಿಸಿದ್ದು ಸರಿದೂಗುವುದಿಲ್ಲ. ಇನ್ನಷ್ಟು ವಿದ್ಯಾರ್ಥಿಗಳನ್ನು ಸೇರಿಸಿದರೆ ಸರಿಯಾಗುತ್ತದೆಯೇ ಎಂದು ಕೇಳುತ್ತಾರೆ. ಇಲ್ಲ. 24ರ ಬದಲು 2,400 ಜನರಾದರೂ ಉತ್ತರ 3ರ ಸುತ್ತಲೇ ನಿಲ್ಲುತ್ತದೆ, ಇನ್ನಷ್ಟು ಖಚಿತವಾಗಿ ತಪ್ಪಾಗಿರುತ್ತದೆ.

ಇದಕ್ಕೆ ಅಸಮ ವರ್ಗಾವಣೆ ಎಂದು ಹೆಸರು. ಕೇಂಬ್ರಿಜ್‌ನ ಪೌಲ್ಟನ್ 1960 ಮತ್ತು 70ರ ದಶಕಗಳಲ್ಲಿ ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದರು. ಅವರ ಎಚ್ಚರಿಕೆ ಈಗಲೂ ಹಳತಾಗಿಲ್ಲ.

ನನ್ನ ದತ್ತಾಂಶದಲ್ಲಿ ಹೀಗಾಗಿದೆ ಎಂದು ಗುರುತಿಸುವುದು ಹೇಗೆ?

ಒಟ್ಟು ಸರಾಸರಿ ತೆಗೆಯುವ ಮುನ್ನ ಮೇಲಿನ ನಾಲ್ಕು ಮನೆಗಳ ಕೋಷ್ಟಕ ಬರೆಯಿರಿ. ‘ಉರು’ ಮೊದಲು ಬಂದಾಗ ಎಷ್ಟು, ಎರಡನೆಯದಾಗಿ ಬಂದಾಗ ಎಷ್ಟು? ‘ಚಿತ್ರ’ಕ್ಕೂ ಅದೇ ಪ್ರಶ್ನೆ. ಎರಡೂ ಒಂದೇ ದಿಕ್ಕಿನಲ್ಲಿ, ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ಬದಲಾಗಿದ್ದರೆ ಚಿಂತೆ ಕಡಿಮೆ. ಇಲ್ಲಿ ಚಿತ್ರ 1 ಇಳಿದಿದೆ, ಉರು 3 ಏರಿದೆ. ಇದು ಗಂಟೆ ಬಾರಿಸಬೇಕಾದ ಜಾಗ.

ಇದನ್ನೇ ಪರೀಕ್ಷಿಸಲು ಒಬ್ಬೊಬ್ಬರ ಎರಡೂ ಅಂಕಗಳನ್ನು ಕೂಡಿಸಿ, ಆ ಮೊತ್ತವನ್ನು ಉರು ಮೊದಲು ಮಾಡಿದವರ ಮತ್ತು ಚಿತ್ರ ಮೊದಲು ಮಾಡಿದವರ ನಡುವೆ ಹೋಲಿಸುತ್ತಾರೆ. ಸಮ ಉಳಿಕೆಯ ಉದಾಹರಣೆಯಲ್ಲಿ ಎರಡೂ ಕಡೆ 20 ಬರುತ್ತಿತ್ತು. ಇಲ್ಲಿ ಒಂದು ಕಡೆ 20, ಇನ್ನೊಂದು ಕಡೆ 24. ಆದರೆ ಈ ಪರೀಕ್ಷೆಗೆ ಬಲ ಕಡಿಮೆ. ಮೊತ್ತವನ್ನು ಹೋಲಿಸುವಾಗ ನಾವು ಮತ್ತೆ ಜನರ ನಡುವಿನ ಅಂತರಕ್ಕೆ ಸಿಕ್ಕಿಕೊಳ್ಳುತ್ತೇವೆ, ಆ ಅಂತರದಿಂದ ತಪ್ಪಿಸಿಕೊಳ್ಳಲೆಂದೇ ಒಂದೇ ಗುಂಪನ್ನು ಆರಿಸಿದ್ದೆವು. ಜೊತೆಗೆ, ಎರಡನೆಯ ಗುಂಪಿಗೆ ಒಳ್ಳೆಯ ನೆನಪಿನವರು ಅದೃಷ್ಟವಶಾತ್ ಹೆಚ್ಚು ಬಿದ್ದಿದ್ದರೂ ಮೊತ್ತ ಹೀಗೆಯೇ ಕಾಣುತ್ತದೆ. ಆದ್ದರಿಂದ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲ ಎಂದರೆ ಉಳಿಕೆ ಇಲ್ಲ ಎಂದಲ್ಲ.

ನಾನು ಹೆಚ್ಚು ನಂಬುವುದು ಒಂದು ಸರಳ ಪ್ರಶ್ನೆಯನ್ನು. ಎಲ್ಲ ಮುಗಿದ ಮೇಲೆ ಒಂದು ಚೀಟಿ ಕೊಟ್ಟು ‘ಎರಡನೆಯ ಪಟ್ಟಿಯನ್ನು ಕಲಿಯುವಾಗ ನಿಮ್ಮ ಮನಸ್ಸಿನಲ್ಲಿ ಏನು ನಡೆಯುತ್ತಿತ್ತು?’ ಎಂದು ಕೇಳಿ. ಉರು ಹೊಡೆಯಬೇಕಾದವರು ‘ದೃಶ್ಯಗಳು ತಾವಾಗಿಯೇ ಬಂದವು’ ಎಂದು ಬರೆದರೆ, ಅಂಕಿಗಳು ಏಕೆ ಹಾಗೆ ಬಂದವು ಎಂಬುದು ತಿಳಿಯುತ್ತದೆ.

ಎರಡು ಪಟ್ಟಿಗಳ ನಡುವೆ ಒಂದು ವಾರ ಬಿಟ್ಟರೆ?

ದಣಿವು ಹೋಗುತ್ತದೆ. ಹಳೆಯ ಪದಗಳ ಅಡ್ಡಿಯೂ ತಗ್ಗುತ್ತದೆ. ಉಪಾಯ ಹೋಗುವುದಿಲ್ಲ. ಔಷಧದ ಪ್ರಯೋಗಗಳಲ್ಲಿ ಹೀಗೆ ಅಂತರ ಬಿಡುವುದಕ್ಕೆ ಅರ್ಥವಿದೆ, ಔಷಧ ದೇಹದಿಂದ ಹೊರಗೆ ಹೋಗುತ್ತದೆ. ಕಲಿತದ್ದು ಹಾಗೆ ಹೊರಗೆ ಹೋಗುವುದಿಲ್ಲ. ಇನ್ನು ಕೆಲವರು ಆ ವಾರದಲ್ಲಿ ಪರೀಕ್ಷೆಗೆ ಓದುವಾಗಲೂ ಚಿತ್ರ ಕಟ್ಟಿ ನೋಡಿ ಪಳಗಿಯೇ ಬರುತ್ತಾರೆ.

ಎಲ್ಲರಿಗೂ ಉರುವನ್ನೇ ಮೊದಲು ಕೊಟ್ಟರೆ ಉಪಾಯ ಸೋರುವುದಿಲ್ಲವಲ್ಲ?

ಸೋರುವುದಿಲ್ಲ ನಿಜ. ಆದರೆ ಆಗ ವಿಧಾನ ಮತ್ತು ಸರದಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. 8ರಿಂದ 12ಕ್ಕೆ ಏರಿದ್ದು ಚಿತ್ರದಿಂದಲೋ ರೂಢಿಯಿಂದಲೋ ಹೇಳಲಾಗದು. ಇದನ್ನು ಬಿಡಿಸುವ ದಾರಿ ಒಂದಿದೆ: ಎರಡೂ ಸಲ ಉರುವನ್ನೇ ಮಾಡುವ ಇನ್ನೊಂದು ಗುಂಪನ್ನು ಸೇರಿಸುವುದು. ಅವರು 8, ಆಮೇಲೆ 7 ಬರೆದರೆ, ಸರದಿಯಿಂದಷ್ಟೇ ಆಗುವ ನಷ್ಟ 1 ಎಂದು ತಿಳಿಯುತ್ತದೆ. ಉರು–ಚಿತ್ರ ಗುಂಪಿನ 12ನ್ನು ಈ 7ರೊಂದಿಗೆ ಹೋಲಿಸಿದರೆ ವ್ಯತ್ಯಾಸ ಮತ್ತೆ 5. ಹಿಂದಿನ ಕೋಷ್ಟಕದ ಚಿತ್ರ–ಉರು ಗುಂಪನ್ನೂ ಉಳಿಸಿಕೊಂಡು ಅವರ 11ನ್ನು ಅದೇ 7ರೊಂದಿಗೆ ಹೋಲಿಸಿದರೆ, ಚಿತ್ರದಿಂದ ಉರುವಿಗೆ ದಾಟಿ ಬಂದದ್ದು 4 ಪದ ಎಂದೂ ತಿಳಿಯುತ್ತದೆ. ನನಗೆ ಈ ವಿನ್ಯಾಸ ಬಹಳ ಇಷ್ಟ. ಇದರಲ್ಲಿ ಉಳಿಕೆಯೂ ಅಳೆಯಬಹುದಾದ ಸಂಗತಿಯಾಗುತ್ತದೆ.

ಪದಪಟ್ಟಿಗಳನ್ನೂ ಅದಲುಬದಲು ಮಾಡಬೇಕೇ?

ಮಾಡಲೇಬೇಕು. ಒಂದೇ ಪಟ್ಟಿಯನ್ನು ಎರಡು ಸಲ ಕೊಡಲಾಗದು, ಆದ್ದರಿಂದ ಎರಡು ಪಟ್ಟಿಗಳಿರುತ್ತವೆ. ಎರಡೂ ಎಷ್ಟೇ ಹೋಲುತ್ತವೆ ಎಂದುಕೊಂಡರೂ ಒಂದು ಸುಲಭವಾಗಿರಬಹುದು. ‘ನವಿಲು’ ಚಿತ್ರಕ್ಕೆ ಒಗ್ಗುವಷ್ಟು ಸುಲಭವಾಗಿ ‘ನ್ಯಾಯ’ ಒಗ್ಗುವುದಿಲ್ಲ. ಎರಡು ಸರದಿ, ಎರಡು ಪಟ್ಟಿ ಸೇರಿ ನಾಲ್ಕು ಬಗೆಗಳಾಗುತ್ತವೆ, 24 ಜನರಲ್ಲಿ ಒಂದೊಂದಕ್ಕೆ 6 ಜನ.

ಯಾರಿಗೆ ಯಾವುದು ಎಂಬುದನ್ನು ಬಂದ ಕ್ರಮದಲ್ಲಿ ಹಂಚಬೇಡಿ. ಮುಂದಿನ ಬೆಂಚಿನವರು ಮೊದಲು ಬರುತ್ತಾರೆ, ಗೆಳೆಯರು ಜೊತೆಯಾಗಿ ಬರುತ್ತಾರೆ. ನಾಲ್ಕು ಚೀಟಿಗಳನ್ನು ಡಬ್ಬಿಯಲ್ಲಿ ಹಾಕಿ, ನಾಲ್ಕು ಜನರಿಗೆ ಎತ್ತಿಸಿ, ಖಾಲಿಯಾದ ಮೇಲೆ ಮತ್ತೆ ತುಂಬಿಸಿ. ಯಾರಾದರೂ ನಡುವೆ ಬಿಟ್ಟುಹೋದರೆ ಅದೇ ಬಗೆಗೆ ಹೊಸಬರನ್ನು ತೆಗೆದುಕೊಳ್ಳಿ.

ಎರಡಕ್ಕಿಂತ ಹೆಚ್ಚು ವಿಧಾನಗಳಿದ್ದರೆ?

ಮೂರಕ್ಕೆ 6 ಸರದಿಗಳು, ಎಲ್ಲವನ್ನೂ ಬಳಸಿ. ನಾಲ್ಕಕ್ಕೆ 24 ಆಗುತ್ತವೆ. ಅಲ್ಲಿ ಸಮತೋಲಿತ ಲ್ಯಾಟಿನ್ ಚೌಕ ಸಾಕು. 1949ರಲ್ಲಿ ವಿಲಿಯಮ್ಸ್ ಎಂಬ ಸಂಖ್ಯಾಶಾಸ್ತ್ರಜ್ಞರು ಇದನ್ನು ಕಟ್ಟುವ ಬಗೆ ತೋರಿಸಿದರು. ಕೆಳಗೆ ಕ, ಖ, ಗ, ಘ ನಾಲ್ಕು ವಿಧಾನಗಳು, ಒಂದೊಂದು ಸಾಲು ಒಂದೊಂದು ಸರದಿ:

```
ಕ ಖ ಘ ಗ
ಖ ಗ ಕ ಘ
ಗ ಘ ಖ ಕ
ಘ ಕ ಗ ಖ
```

ಪ್ರತಿ ವಿಧಾನವೂ ಪ್ರತಿ ಸ್ಥಾನದಲ್ಲಿ ಒಮ್ಮೆ ಬರುತ್ತದೆ. ಪ್ರತಿ ವಿಧಾನದ ಹಿಂದೆ ಉಳಿದ ಮೂರೂ ಒಂದೊಂದು ಸಲ ಬರುತ್ತವೆ. ಬೆರಳಿಟ್ಟು ಪರಿಶೀಲಿಸಿ. ಆದರೆ ಇದೂ ಹಂಚುವ ಉಪಾಯವೇ, ಅಳಿಸುವುದಲ್ಲ. ಒಂದು ವಿಧಾನ ಮಾತ್ರ ಉಪಾಯ ಕಲಿಸುವಂಥದ್ದಾಗಿದ್ದರೆ ಈ ಚೌಕವೂ ಕಾಪಾಡುವುದಿಲ್ಲ.

ಒಬ್ಬರಿಗೇ ಉರು, ಚಿತ್ರ, ಚಿತ್ರ, ಉರು ಎಂದು ಕೊಟ್ಟರೆ?

ರೂಢಿಯ ಲಾಭ ಪ್ರತಿ ಸಲ ಒಂದೇ ಅಳತೆಯಲ್ಲಿ ಏರುತ್ತಾ ಹೋದರೆ ಮಾತ್ರ ಇದು ಸರಿ. ಸಾಮಾನ್ಯವಾಗಿ ಲಾಭ ಮೊದಲು ಜಿಗಿದು ಆಮೇಲೆ ನಿಲ್ಲುತ್ತದೆ. ನಾಲ್ಕು ಸರದಿಗಳ ಲಾಭ 0, 3, 4, 4 ಎಂದಾದರೆ ಉರುವಿನ ಪಾಲಿಗೆ 4, ಚಿತ್ರದ ಪಾಲಿಗೆ 7 ಬರುತ್ತದೆ. ಮೊದಲು ಒಂದೆರಡು ಅಭ್ಯಾಸದ ಪಟ್ಟಿಗಳನ್ನು ಕೊಟ್ಟು ಆ ಜಿಗಿತವನ್ನು ದಾಟಿಸಿದರೆ ತಪ್ಪು ಕಡಿಮೆಯಾಗುತ್ತದೆ.

ಹಾಗಾದರೆ ಬೇರೆ ಗುಂಪುಗಳೇ ಯಾವಾಗಲೂ ಕ್ಷೇಮವೇ?

ಅಲ್ಲ. 1999ರಲ್ಲಿ ಮೈಕೆಲ್ ಬರ್ನ್‌ಬಾಮ್ ಒಂದು ಗುಂಪಿಗೆ 9 ಎಂಬ ಸಂಖ್ಯೆ ಎಷ್ಟು ದೊಡ್ಡದು ಎಂದೂ, ಇನ್ನೊಂದು ಗುಂಪಿಗೆ 221 ಎಷ್ಟು ದೊಡ್ಡದು ಎಂದೂ ಕೇಳಿ ಅಂಕ ಕೊಡಿಸಿದರು. 9ಕ್ಕೆ ಹೆಚ್ಚು ಅಂಕ ಬಂತು. 9 ಎಂದಾಗ ಜನ ಒಂದಂಕಿಗಳ ನಡುವೆ ಅದನ್ನಿಟ್ಟು ನೋಡುತ್ತಾರೆ, 221 ಎಂದಾಗ ಮೂರಂಕಿಗಳ ನಡುವೆ. ನೀವು ವಿದ್ಯಾರ್ಥಿಗಳನ್ನು ‘ಈ ವಿಧಾನ ಎಷ್ಟು ಕಷ್ಟ?’ ಎಂದು ಕೇಳುವುದಾದರೆ ಇದೇ ಬಲೆ ಕಾದಿದೆ. ಉರು ಮಾತ್ರ ಕಂಡವರಿಗೆ ಹೋಲಿಸಲು ಬೇರೆ ಏನೂ ಇಲ್ಲ. ಬರೆದ ಪದಗಳನ್ನು ಎಣಿಸುವಾಗ ಈ ತೊಂದರೆ ಇಲ್ಲ, ಅಭಿಪ್ರಾಯ ಕೇಳುವಾಗ ಇದೆ.

ಇನ್ನೊಂದು ಅಪಾಯ ಹಾಸ್ಟೆಲ್‌ನದ್ದು. ಬೆಳಗಿನ ಗುಂಪು ಮಧ್ಯಾಹ್ನದ ಊಟದ ಹೊತ್ತಿಗೆ ಸಂಜೆಯ ಗುಂಪಿಗೆ ನವಿಲು ಮತ್ತು ಏಣಿಯ ಕಥೆ ಹೇಳಿರುತ್ತದೆ. ಆದ್ದರಿಂದ ಎರಡು ಗುಂಪುಗಳನ್ನೂ ಒಂದೇ ಹೊತ್ತಿಗೆ ಬೇರೆ ಬೇರೆ ಕೋಣೆಗಳಲ್ಲಿ ಕೂರಿಸಿ.

ಒಂದೇ ಗುಂಪನ್ನು ನಿರ್ಭಯವಾಗಿ ಬಳಸಬಹುದಾದ ನೆನಪಿನ ಪ್ರಯೋಗ ಯಾವುದು?

ಮೌನವಾದ ಕೋಣೆಯಲ್ಲಿ ಒಂದು ಪಟ್ಟಿ, ರೇಡಿಯೊ ಹಾಡುತ್ತಿರುವಾಗ ಇನ್ನೊಂದು ಪಟ್ಟಿ. ರೇಡಿಯೊ ಆರಿಸಿದರೆ ಗದ್ದಲ ಮುಗಿಯುತ್ತದೆ, ಯಾವ ಉಪಾಯವನ್ನೂ ಕಲಿಸಿ ಹೋಗುವುದಿಲ್ಲ. ಅಲ್ಲಿ ಉಳಿಯುವುದು ದಣಿವು ಮತ್ತು ಹಳೆಯ ಪದಗಳ ಅಡ್ಡಿ, ಅವು ಎರಡೂ ದಿಕ್ಕಿಗೆ ಹೆಚ್ಚುಕಡಿಮೆ ಸಮ. ಸರದಿ ಬದಲಿಸುವುದು ಅಲ್ಲಿ ನಿಜಕ್ಕೂ ಸಾಕು.

ಮುನ್ಸೂಚನೆ ಇಲ್ಲದ ಪರೀಕ್ಷೆಯಾದರೆ ಮಾತು ಬೇರೆ. ಮೊದಲ ಪಟ್ಟಿಯ ನಂತರ ಅಚ್ಚರಿಯ ಪರೀಕ್ಷೆ ಕೊಟ್ಟರೆ, ಎರಡನೆಯ ಪಟ್ಟಿಗೆ ಅಚ್ಚರಿ ಉಳಿದಿರುವುದಿಲ್ಲ. 1975ರಲ್ಲಿ ಕ್ರೇಕ್ ಮತ್ತು ಟಲ್ವಿಂಗ್ ಇದನ್ನು ಚೆನ್ನಾಗಿ ನಿಭಾಯಿಸಿದರು. ಪದದ ಅಕ್ಷರರೂಪ, ಪ್ರಾಸ, ಅರ್ಥ, ಹೀಗೆ ಬೇರೆ ಬೇರೆ ಬಗೆಯ ಪ್ರಶ್ನೆಗಳನ್ನು ಒಂದೇ ಸಾಲಿನಲ್ಲಿ ಬೆರೆಸಿ ಕೇಳಿ, ಕೊನೆಯಲ್ಲಿ ಒಂದೇ ಒಂದು ಅಚ್ಚರಿಯ ಪರೀಕ್ಷೆ ಕೊಟ್ಟರು.

ದತ್ತಾಂಶವೆಲ್ಲ ಸಂಗ್ರಹಿಸಿ ಆಯಿತು, ಅಸಮ ಉಳಿಕೆ ಈಗ ಕಂಡಿದೆ. ಏನು ಮಾಡಲಿ?

ಎರಡನೆಯ ಸರದಿಯನ್ನು ಬದಿಗಿಟ್ಟು ಮೊದಲ ಸರದಿಯನ್ನಷ್ಟೇ ನೋಡಿ. ಅದು ತಾನಾಗಿಯೇ ಬೇರೆ ಗುಂಪುಗಳ ಒಂದು ಪ್ರಯೋಗ: ಉರು 12 ಜನ, ಚಿತ್ರ 12 ಜನ, ಯಾರ ಮೇಲೂ ಹಿಂದಿನ ಉಳಿಕೆ ಇಲ್ಲ.

ಒಂದು ಎಚ್ಚರ ಮಾತ್ರ ಬೇಕು. ಮೊದಲು ಉಳಿಕೆಯ ಪರೀಕ್ಷೆ ಮಾಡಿ, ಅದು ಕಂಡರಷ್ಟೇ ಮೊದಲ ಸರದಿಗೆ ಇಳಿಯುವುದು 1965ರಲ್ಲಿ ಗ್ರಿಜಲ್ ಸೂಚಿಸಿದ ದಾರಿ. ಬಹಳ ಕಾಲ ಅದು ಚಾಲ್ತಿಯಲ್ಲಿತ್ತು. 1989ರಲ್ಲಿ ಫ್ರೀಮನ್ ಅದರ ದೋಷವನ್ನು ತೋರಿಸಿದರು. ಆಕಸ್ಮಿಕವಾಗಿ ಒಂದು ಗುಂಪಿಗೆ ಒಳ್ಳೆಯ ನೆನಪಿನವರು ಬಿದ್ದರೆ ಮೊತ್ತವೂ ಹಿಗ್ಗುತ್ತದೆ, ಮೊದಲ ಸರದಿಯ ವ್ಯತ್ಯಾಸವೂ ಹಿಗ್ಗುತ್ತದೆ. ಅಂದರೆ ಮೊದಲ ಸರದಿ ಮೋಸ ಮಾಡುವ ಸಂದರ್ಭದಲ್ಲೇ ಈ ದಾರಿ ನಮ್ಮನ್ನು ಅಲ್ಲಿಗೆ ಕಳುಹಿಸುತ್ತದೆ. ಆದ್ದರಿಂದ ತೀರ್ಮಾನ ವಿಧಾನದ ಸ್ವಭಾವವನ್ನು ನೋಡಿ, ಸಾಧ್ಯವಾದರೆ ಪ್ರಯೋಗಕ್ಕೆ ಮುಂಚೆಯೇ ಆಗಬೇಕು. ಆಗಿರದಿದ್ದರೆ ವರದಿಯಲ್ಲಿ ಅದನ್ನು ಬಿಚ್ಚಿ ಹೇಳಿ, ನಾಲ್ಕೂ ಸರಾಸರಿಗಳನ್ನು ಕೊಡಿ, ಕೊನೆಯ ಚೀಟಿಯಲ್ಲಿ ಎಷ್ಟು ಜನ ಚಿತ್ರ ಬಿಡಲಾಗಲಿಲ್ಲ ಎಂದು ಬರೆದರು ಎಂಬುದನ್ನೂ ಕೊಡಿ.

ನಮ್ಮ ಉದಾಹರಣೆಯಲ್ಲಿ ಮೊದಲ ಸರದಿಯ ವ್ಯತ್ಯಾಸ 5 ಪದ. ಪ್ರಮಾಣ ವಿಚಲನೆ 3 ಆಗಿದ್ದರೆ 95 ಪ್ರತಿಶತ ವಿಶ್ವಾಸಾಂತರ ಸುಮಾರು 2.5ರಿಂದ 7.5ರವರೆಗೆ ಹರಡುತ್ತದೆ. ಅಗಲ ಹೆಚ್ಚು, ಆದರೆ ನಿಜವಾದ 5 ಅದರ ನಡುಮಧ್ಯದಲ್ಲಿದೆ.